ಜೋಡಿ ಲಕ್ಷಣಗಳಲ್ಲಿ ಮರೆಯಾಗುವ ಮಹತ್ತ್ವ

ಸ್ತನದಲ್ಲಿ ಕಾಣಿಸಿಕೊಂಡ ಗಂಟಿನಿಂದ ತೆಳುವಾದ ಸೂಜಿಯ ಮೂಲಕ ಕೆಲವು ಜೀವಕೋಶಗಳನ್ನು ಹೀರಿ ತೆಗೆದು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದರೆ, ಆ ಕೋಶಗಳ ಕೇಂದ್ರಬಿಂದುಗಳ ಗಾತ್ರ ಮತ್ತು ಆಕಾರಗಳಿಂದ ಗಂಟು ಅರ್ಬುದರೋಗದ್ದೋ ಅಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಬಹುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡಾ. ವಿಲಿಯಂ ವೋಲ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಇಂತಹ 569 ಗಂಟುಗಳ ಅಳತೆಗಳನ್ನು 1995ರಲ್ಲಿ ಇತರ ಸಂಶೋಧಕರ ಉಪಯೋಗಕ್ಕೆ ಒದಗಿಸಿದರು. ಅವುಗಳಲ್ಲಿ 212 ಮಾರಕವಾದವು, 357 ನಿರಪಾಯವಾದವು. ಪ್ರತಿಯೊಂದು ಗಂಟಿಗೂ ಕೋಶಕೇಂದ್ರದ ತ್ರಿಜ್ಯ, ಸುತ್ತಳತೆ, ವಿಸ್ತೀರ್ಣ, ಅಂಚಿನ ನುಣುಪು ಮೊದಲಾದ ಹತ್ತು ಗುಣಗಳನ್ನು ಮೂರು ಮೂರು ವಿಧದಲ್ಲಿ ಅಳೆದು ಒಟ್ಟು 30 ಲಕ್ಷಣಗಳನ್ನು ದಾಖಲಿಸಲಾಗಿದೆ.

ಈ ಅಂಕಿಗಳನ್ನು ಗಣಕಯಂತ್ರಕ್ಕೆ ಊಡಿಸಿ, ಹೊಸ ಗಂಟನ್ನು ಗುರುತಿಸಬಲ್ಲ ಗಣಿತದ ಮಾದರಿಯೊಂದನ್ನು ಸಿದ್ಧಪಡಿಸುವುದು ಇಂದು ಕಷ್ಟವಲ್ಲ. ಆದರೆ ವೈದ್ಯನಾದವನು ಅಷ್ಟಕ್ಕೇ ತೃಪ್ತನಾಗುವುದಿಲ್ಲ. ಮಾದರಿಯು ಯಾವ ಲಕ್ಷಣವನ್ನು ನಂಬಿ ಈ ತೀರ್ಮಾನಕ್ಕೆ ಬಂದಿತು, ಯಾವುದನ್ನು ಅಳೆಯದೆ ಬಿಡಬಹುದು ಎಂದು ಅವನು ಕೇಳುತ್ತಾನೆ. ಈ ಪ್ರಶ್ನೆಗೆ ಉತ್ತರ ನೀಡುವ ವಿಧಾನಗಳಲ್ಲಿ ಪ್ರಸಿದ್ಧವಾದುದು 'ಪರ್ಮ್ಯುಟೇಷನ್ ಇಂಪಾರ್ಟೆನ್ಸ್', ಅಂದರೆ ಕ್ರಮಪಲ್ಲಟದಿಂದ ಅಳೆದ ಮಹತ್ತ್ವ. ಲಿಯೋ ಬ್ರೈಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ತಮ್ಮ 'ರ್ಯಾಂಡಮ್ ಫಾರೆಸ್ಟ್' ಮಾದರಿಯನ್ನು ವಿವರಿಸಿದ 2001ರ ಪ್ರಬಂಧದಲ್ಲಿ ಇದನ್ನು ಮಂಡಿಸಿದರು.

ವಿಧಾನವು ಸರಳವಾಗಿದೆ. ಶಾಲೆಯ ಅಂಕಪಟ್ಟಿಯಲ್ಲಿ ಒಂದು ವಿಷಯದ ಅಂಕಗಳನ್ನು ಮಾತ್ರ ವಿದ್ಯಾರ್ಥಿಗಳ ನಡುವೆ ಅದಲುಬದಲು ಮಾಡಿದರೆ, ಆ ಸ್ತಂಭದ ಮೊತ್ತವಾಗಲಿ ಸರಾಸರಿಯಾಗಲಿ ಬದಲಾಗುವುದಿಲ್ಲ. ಯಾರಿಗೆ ಎಷ್ಟು ಎಂಬ ಸಂಬಂಧವೊಂದೇ ಕಳಚಿಹೋಗುತ್ತದೆ. ಅಂತೆಯೇ, ಮೊದಲು ಮಾದರಿಯ ನಿಖರತೆಯನ್ನು ಅಳೆದಿಟ್ಟುಕೊಳ್ಳಬೇಕು. ಬಳಿಕ ಒಂದು ಲಕ್ಷಣದ ಸ್ತಂಭವನ್ನು ಮಾತ್ರ ಕಲಕಿ, ಮಾದರಿಗೆ ಮತ್ತೆ ತರಬೇತಿ ಕೊಡದೆ, ನಿಖರತೆಯನ್ನು ಪುನಃ ಅಳೆಯಬೇಕು. ಎಷ್ಟು ಕುಸಿಯಿತೋ ಅಷ್ಟು ಆ ಲಕ್ಷಣದ ಮಹತ್ತ್ವ. ಕಲಕುವಿಕೆ ಆಕಸ್ಮಿಕವಾದುದರಿಂದ ಹಲವು ಬಾರಿ ಮಾಡಿ ಸರಾಸರಿ ತೆಗೆಯುವುದು ರೂಢಿ.

ಮೇಲೆ ಹೇಳಿದ ಗಂಟುಗಳ ಅಂಕಿಅಂಶಗಳಿಗೆ ಇದನ್ನು ಅನ್ವಯಿಸಿದಾಗ ದೊರೆಯುವ ಫಲ ವಿಚಿತ್ರವಾದುದು. ಸೈಕಿಟ್-ಲರ್ನ್ ಎಂಬ ಪ್ರಸಿದ್ಧ ತಂತ್ರಾಂಶದ ಕೈಪಿಡಿಯಲ್ಲಿಯೇ ಈ ಪ್ರಯೋಗದ ವಿವರವಿದೆ. ರ್ಯಾಂಡಮ್ ಫಾರೆಸ್ಟ್ ಮಾದರಿಯು ಹಿಂದೆ ನೋಡದ ಗಂಟುಗಳನ್ನು ಶೇಕಡಾ 97ರಷ್ಟು ಸರಿಯಾಗಿ ಗುರುತಿಸುತ್ತದೆ. ಆದರೆ ಮೂವತ್ತರಲ್ಲಿ ಯಾವ ಲಕ್ಷಣವನ್ನು ಕಲಕಿದರೂ ನಿಖರತೆಯು ಸುಮಾರು ಶೇಕಡಾ ಒಂದಕ್ಕಿಂತ ಹೆಚ್ಚು ಕುಸಿಯುವುದಿಲ್ಲ. ಪಟ್ಟಿಯನ್ನು ಅಕ್ಷರಶಃ ನಂಬಿದರೆ ಮೂವತ್ತನ್ನೂ ನಿಷ್ಪ್ರಯೋಜಕವೆಂದು ಕೈಬಿಡಬೇಕಾಗುತ್ತದೆ. ಏನನ್ನೂ ಅಳೆಯದೆ ಎಲ್ಲ ಗಂಟುಗಳನ್ನೂ ನಿರಪಾಯವೆಂದು ಸಾರುವವನು ಕೇವಲ ಶೇಕಡಾ 63ರಷ್ಟು ಸರಿಯಾಗಿರುತ್ತಾನೆ, ಮತ್ತು ರೋಗವಿರುವ ಒಬ್ಬರನ್ನೂ ಗುರುತಿಸಲಾರನು. ಹಾಗಾದರೆ 97ಕ್ಕೂ 63ಕ್ಕೂ ಇರುವ ಅಂತರವನ್ನು ತುಂಬಿದವರಾರು?

ಉತ್ತರವು ಲಕ್ಷಣಗಳ ಪರಸ್ಪರ ನಂಟಿನಲ್ಲಿದೆ. ಹೆಚ್ಚುಕಡಿಮೆ ದುಂಡಾದ ವಸ್ತುವಿನ ತ್ರಿಜ್ಯ ತಿಳಿದರೆ ಸುತ್ತಳತೆಯೂ ವಿಸ್ತೀರ್ಣವೂ ತಿಳಿದಂತೆಯೇ ಸರಿ. ಈ ದಾಖಲೆಯಲ್ಲಿ ಸರಾಸರಿ ತ್ರಿಜ್ಯ ಮತ್ತು ಸರಾಸರಿ ಸುತ್ತಳತೆಗಳ ಸಹಸಂಬಂಧ ಸುಮಾರು 0.998; ಪರಿಪೂರ್ಣ ಸಹಸಂಬಂಧವೆಂದರೆ 1. ಒಂದೇ ಸುದ್ದಿಯನ್ನು ಮೂವರು ಸಾಕ್ಷಿಗಳು ಹೇಳುತ್ತಿರುವಾಗ ಒಬ್ಬನ ಬಾಯಿ ಕಟ್ಟಿದರೆ ನ್ಯಾಯಾಲಯಕ್ಕೆ ನಷ್ಟವಾಗದು. ತ್ರಿಜ್ಯವನ್ನು ಕಲಕಿದಾಗ ಸುತ್ತಳತೆಯೂ ವಿಸ್ತೀರ್ಣವೂ ಮಾದರಿಯನ್ನು ಸರಿದಾರಿಯಲ್ಲಿ ಹಿಡಿದಿಡುತ್ತವೆ.

ಹೀಗೆ ಹಂಚಿಹೋದ ಮಹತ್ತ್ವವನ್ನು ಕೂಡಿದರೆ ಮೂಲಮೊತ್ತ ದೊರೆಯುವುದೆಂದು ಭಾವಿಸುವುದೂ ತಪ್ಪು. ಒಂದು ಸಣ್ಣ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಸರಿಯಾದ ಬೆಲೆಯನ್ನೇ ತೋರಿಸುವ, ಒಂದೇ ತೆರನಾದ ಎರಡು ಮಾಪಕಗಳಿವೆ ಎಂದು ಇಟ್ಟುಕೊಳ್ಳಬಹುದು. ಮಾದರಿಯು ಮೊದಲನೆಯದನ್ನಷ್ಟೇ ನಂಬಿದರೆ, ಅದನ್ನು ಕಲಕಿದಾಗ ಒಂದು ಸಾಲಿನಲ್ಲಿ 4ರಷ್ಟು ತಪ್ಪಾಗುತ್ತದೆ ಎನ್ನೋಣ. ತಪ್ಪಿನ ವರ್ಗ 16. ಇದೇ ಅದರ ಮಹತ್ತ್ವ. ಎರಡನೆಯದರದು ಸೊನ್ನೆ, ಅದು ಸಂಪೂರ್ಣವಾಗಿ ಮರೆಯಾಗಿದೆ. ಮಾದರಿಯು ಎರಡನ್ನೂ ಅರ್ಧರ್ಧ ನಂಬಿದರೆ, ಒಂದನ್ನು ಕಲಕಿದಾಗ ತಪ್ಪು 2, ಅದರ ವರ್ಗ 4. ಇನ್ನೊಂದಕ್ಕೂ ಅಷ್ಟೇ. ಎರಡನ್ನೂ ಕೂಡಿದರೆ 8 ಮಾತ್ರ. ಉಳಿದ 8 ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ. ಇಂತಹ ನಾಲ್ಕು ಮಾಪಕಗಳಿದ್ದರೆ ಪ್ರತಿಯೊಂದಕ್ಕೂ ಬರುವುದು 1, ಒಟ್ಟು 4. ಜೊತೆಗಾರರು ಹೆಚ್ಚಿದಷ್ಟೂ ಪಾಲು ಕುಗ್ಗುವುದಲ್ಲದೆ ಮೊತ್ತವೂ ಕರಗುತ್ತದೆ. ಎಲ್ಲವನ್ನೂ ಒಂದೇ ಕ್ರಮದಲ್ಲಿ ಒಟ್ಟಿಗೆ ಕಲಕಿದರೆ ಮಾತ್ರ ಕಳೆದುಹೋಗಿದ್ದ 16 ಪೂರ್ತಿಯಾಗಿ ಮರಳುತ್ತದೆ.

ಮಹತ್ತ್ವವು ಹಂಚಿಹೋಗುವುದೋ ಒಂದೆಡೆ ಕೂಡುವುದೋ ಎಂಬುದು ಮಾದರಿಯ ಸ್ವಭಾವಕ್ಕೆ ಸೇರಿದುದು. ರ್ಯಾಂಡಮ್ ಫಾರೆಸ್ಟಿನ ಪ್ರತಿಯೊಂದು ಕವಲಿನಲ್ಲಿಯೂ ಕೆಲವೇ ಲಕ್ಷಣಗಳನ್ನು ಯಾದೃಚ್ಛಿಕವಾಗಿ ಆರಿಸಿ ಪರಿಶೀಲಿಸುವುದರಿಂದ ಒಮ್ಮೆ ತ್ರಿಜ್ಯಕ್ಕೂ ಮತ್ತೊಮ್ಮೆ ವಿಸ್ತೀರ್ಣಕ್ಕೂ ಅವಕಾಶ ಸಿಗುತ್ತದೆ. ಆದ್ದರಿಂದ ಅಲ್ಲಿ ಹಂಚಿಕೆ ಸಹಜ. 'ಲ್ಯಾಸೋ' ಎಂಬ ವಿಧಾನವಾದರೋ ಸಮಾನರಲ್ಲಿ ಒಬ್ಬನನ್ನು ಉಳಿಸಿಕೊಂಡು ಉಳಿದವರಿಗೆ ಸೊನ್ನೆ ನೀಡುವ ಒಲವುಳ್ಳದ್ದು. ಅಂಕಿಗಳು ಅಲ್ಪಸ್ವಲ್ಪ ಬದಲಾದರೆ ಆಯ್ಕೆಯಾದವನೇ ಬದಲಾಗಬಹುದು. ಮತ್ತೆ ಮತ್ತೆ ತರಬೇತಿ ಕೊಟ್ಟಾಗ ಎರಡು ಲಕ್ಷಣಗಳು ಸರದಿಯಂತೆ ಮೇಲೆ ಕೆಳಗೆ ಆಗುತ್ತಿದ್ದರೆ ಅವು ಜೋಡಿಯೆಂದು ಶಂಕಿಸಬೇಕು.

ಇನ್ನೊಂದು ತೊಡಕೂ ಇದೆ. ತ್ರಿಜ್ಯವನ್ನು ಮಾತ್ರ ಕಲಕಿದಾಗ ಸಣ್ಣ ಕೋಶದ ತ್ರಿಜ್ಯವೂ ದೊಡ್ಡ ಕೋಶದ ವಿಸ್ತೀರ್ಣವೂ ಒಂದೇ ಸಾಲಿನಲ್ಲಿ ಬಂದು ಸೇರುತ್ತವೆ. ಅಂತಹ ಕೋಶವು ಜಗತ್ತಿನಲ್ಲಿ ಇರಲಾರದು. ಮಾದರಿಯು ತರಬೇತಿಯಲ್ಲಿ ಅದನ್ನು ಕಂಡೂ ಇಲ್ಲ. ಅಲ್ಲಿ ಅದು ಎಸಗುವ ತಪ್ಪು ಕೆಲವೊಮ್ಮೆ ಮಹತ್ತ್ವವನ್ನು ಅಕಾರಣವಾಗಿ ಹಿಗ್ಗಿಸಲೂಬಹುದು. ಇದನ್ನು ತಪ್ಪಿಸಲು, ಜೊತೆಗಾರ ಲಕ್ಷಣಗಳು ಸಮೀಪದಲ್ಲಿರುವ ಸಾಲುಗಳೊಳಗೆ ಮಾತ್ರ ಕಲಕುವ ಷರತ್ತುಬದ್ಧ ವಿಧಾನವನ್ನು ಕ್ಯಾರೊಲಿನ್ ಸ್ಟ್ರೋಬಲ್ ಮತ್ತು ಸಂಗಡಿಗರು 2008ರಲ್ಲಿ ಸೂಚಿಸಿದರು. ಅದು ಬೇರೊಂದು ಪ್ರಶ್ನೆಗೆ ಉತ್ತರವೆಂಬುದನ್ನು ಮರೆಯಬಾರದು: ಉಳಿದವು ತಿಳಿದ ಮೇಲೂ ಈ ಲಕ್ಷಣವು ಹೊಸದಾಗಿ ಏನನ್ನು ಹೇಳುತ್ತದೆ ಎಂಬುದನ್ನಷ್ಟೇ ಅದು ಅಳೆಯುತ್ತದೆ.

ರೂಢಿಯಲ್ಲಿರುವ ಪರಿಹಾರ ಇದಕ್ಕಿಂತ ಸುಲಭ. ಮೊದಲು ಲಕ್ಷಣಗಳ ನಡುವಿನ ಸಹಸಂಬಂಧವನ್ನು, ಮುಖ್ಯವಾಗಿ ಸ್ಪಿಯರ್‌ಮನ್ನರ ಶ್ರೇಣಿ ಸಹಸಂಬಂಧವನ್ನು, ಲೆಕ್ಕಹಾಕಿ ಹತ್ತಿರದವುಗಳನ್ನು ಗುಂಪುಗೂಡಿಸಬೇಕು. ಬಳಿಕ ಗುಂಪನ್ನೇ ಒಟ್ಟಾಗಿ ಕಲಕಬಹುದು. ಇಲ್ಲವೆ ಗುಂಪಿಗೊಂದು ಪ್ರತಿನಿಧಿಯನ್ನು ಉಳಿಸಿಕೊಂಡು ಮಾದರಿಗೆ ಹೊಸದಾಗಿ ತರಬೇತಿ ಕೊಡಬಹುದು. ಕೈಪಿಡಿಯ ಪ್ರಯೋಗದಲ್ಲಿ ಎರಡನೆಯ ಮಾರ್ಗವನ್ನು ಹಿಡಿದಾಗ, ಲಕ್ಷಣಗಳ ಸಂಖ್ಯೆ ಇಳಿದರೂ ನಿಖರತೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗಲಿಲ್ಲ. ಆದರೆ ಉಳಿದ ಪ್ರತಿನಿಧಿಗೆ ಈಗ ಬರುವ ಮಹತ್ತ್ವವು ಇಡೀ ಗುಂಪಿನದು, ಅದೊಂದರದೇ ಅಲ್ಲ. ಗುಂಪಿನ ಗಡಿಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಗಣಿತವೊಂದೇ ನಿರ್ಧರಿಸದು. ಅಲ್ಲಿ ವಿಷಯಜ್ಞನ ವಿವೇಚನೆ ಬೇಕು.

ಇಷ್ಟಾದರೂ ಈ ಅಳತೆಯು ಹೇಳುವುದು ಮಾದರಿಯ ವಿಚಾರವನ್ನೇ ಹೊರತು ರೋಗದ ಕಾರಣವನ್ನಲ್ಲ. ಆದ್ದರಿಂದ ಪಟ್ಟಿಯ ಕೆಳಗಡೆ ತ್ರಿಜ್ಯದ ಹೆಸರನ್ನು ಕಂಡ ವೈದ್ಯನು, ಅದನ್ನು ಹೊಡೆದುಹಾಕುವ ಮುನ್ನ, ಅದೇ ಸುದ್ದಿಯನ್ನು ಹೇಳುವ ಬೇರೊಂದು ಲಕ್ಷಣ ದಾಖಲೆಯಲ್ಲಿ ಉಳಿದಿದೆಯೇ ಎಂದು ನೋಡಬೇಕು. ಉಳಿದಿದ್ದರೆ ತ್ರಿಜ್ಯವನ್ನು ಬಿಡಬಹುದು. ಮೂರನ್ನೂ ಒಂದೊಂದಾಗಿ ಅಲ್ಪವೆಂದೆಣಿಸಿ ಒಟ್ಟಿಗೆ ಬಿಟ್ಟರೆ, ಕೋಶದ ಗಾತ್ರವೆಂಬ ಪ್ರಮುಖ ಸುಳಿವೇ ಕೈತಪ್ಪಿಹೋಗುತ್ತದೆ.