ಮೂರು ಸಾಲಿನ ಶುಭಾಶಯ

ಜಗಳ ಶುರುವಾದದ್ದು 1,850 ರೂಪಾಯಿಗೆ. ಆರು ಮಂದಿ ಗೆಳೆಯರು ಟೆಂಪೊ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೆವು. ಲೆಕ್ಕ ಬರೆದಿದ್ದವನು ದಾವಣಗೆರೆಯ ಗೆಳೆಯ. ಡೀಸೆಲ್ ದುಡ್ಡು ಎರಡು ಸಲ ಬಂದಿದೆ ಅಂತ ನಾನು ಎಲ್ಲರೆದುರಿಗೇ ಅಂದೆ. ಅವನು ಎದ್ದು ಹೋದ, ವಾಟ್ಸಾಪ್ ಗುಂಪಿನಿಂದಲೂ ಹೋದ. ಹದಿನಾಲ್ಕು ತಿಂಗಳು ಮಾತಿಲ್ಲ.

ಅವನ ಹುಟ್ಟುಹಬ್ಬ ಫೇಸ್‌ಬುಕ್‌ನಲ್ಲಿ ಜೂನ್ 1. ನಮ್ಮ ತಲೆಮಾರಿನ ಅರ್ಧ ಊರು ಹುಟ್ಟಿದ್ದು ಅವತ್ತೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ನಿಜವಾದ ದಿನ ನವೆಂಬರ್‌ನಲ್ಲಿ ಬರುತ್ತದೆ, ಅದು ಗೊತ್ತಿರುವುದು ಮನೆಯವರಿಗೆ, ಇನ್ನು ನಮ್ಮಂಥ ಒಂದಿಬ್ಬರಿಗೆ. ಜೂನ್‌ನಲ್ಲಿ ಕಳಿಸಿದ್ದರೆ ಫೋನ್ ನೆನಪಿಸಿತು, ಇವನು ಕಳಿಸಿದ ಅಂತಾಗುತ್ತಿತ್ತು. ನವೆಂಬರ್‌ವರೆಗೆ ಕಾದೆ.

ಮೊದಲು ಬರೆದದ್ದು ಹೀಗಿತ್ತು: ‘ಹುಟ್ಟುಹಬ್ಬದ ಶುಭಾಶಯ. ಅವತ್ತು ನಡೆದದ್ದನ್ನೆಲ್ಲ ಮನಸ್ಸಿನಲ್ಲಿ ಇಟ್ಕೋಬೇಡ.’ ಹೆಂಡತಿ ಓದಿ, “ಇದು ಶುಭಾಶಯವಾ, ನೋಟಿಸಾ?” ಅಂದಳು. ಸರಿಯಾಗೇ ಹೇಳಿದ್ದಳು. ಇಟ್ಕೋಬೇಡ ಅಂದರೆ ನೀನು ಇಟ್ಟುಕೊಂಡಿದ್ದೀಯ ಅಂತ ದೂರಿದ ಹಾಗೆ. ‘ಹಳೇದೆಲ್ಲ ಮರೆತುಬಿಡೋಣ’ ಎಂಬುದೂ ಇದೇ ಜಾತಿ. ಮರೆಯೋಣ ಅಂದ ಕೂಡಲೇ ಅದು ನೆನಪಾಗುತ್ತದೆ, ಜೊತೆಗೆ ಒಪ್ಪಿಗೆ ಅನ್ನಬೇಕೋ ಇಲ್ಲ ಅನ್ನಬೇಕೋ ಎಂಬ ಪೇಚಾಟ ಅವನ ಹುಟ್ಟುಹಬ್ಬದ ದಿನವೇ ಅವನ ತಲೆಗೆ ಬೀಳುತ್ತದೆ. ‘ಏನೇ ಆಗಿರಲಿ’, ‘ಆದರೂ’ ಎಂದು ಶುರುವಾಗುವ ವಾಕ್ಯಗಳು ಇನ್ನೂ ಮೋಸ. ನೋಡಲು ದೊಡ್ಡ ಮನಸ್ಸಿನ ಮಾತು, ಒಳಗೆ ‘ತಪ್ಪು ನಿನ್ನದೇ’ ಅಂತಿರುತ್ತದೆ.

ಎರಡನೇ ಸಲ ಅತಿ ಎಚ್ಚರ ಮಾಡಿಕೊಂಡು ‘ತಮಗೆ ಜನ್ಮದಿನದ ಹಾರ್ದಿಕ ಶುಭಾಶಯಗಳು’ ಎಂದು ಬರೆದೆ. ಮೂವತ್ತು ವರ್ಷ ‘ಲೋ’ ಅನ್ನಿಸಿಕೊಂಡವನಿಗೆ ‘ತಮಗೆ’ ಅಂದರೆ ಬಾಗಿಲು ತಟ್ಟಿ ಅಂಗಳದಲ್ಲೇ ನಿಂತ ಹಾಗೆ. ಕೇಕು, ಹೂವಿನ ಫಾರ್ವರ್ಡ್ ಚಿತ್ರಕ್ಕಂತೂ ಒಂದು ಥಂಬ್ಸ್ ಅಪ್ ಒತ್ತಿ ಮುಗಿಸಬಹುದು.

ಕೊನೆಗೆ ಕಳಿಸಿದ್ದು ಇಷ್ಟು:

‘ಹುಟ್ಟುಹಬ್ಬದ ಶುಭಾಶಯ ಕಣೋ. ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನುವಾಗ, ಮೂರನೇದು ಬರೋಕೆ ಮೊದಲೇ ನಾಲ್ಕನೇದು ಹೇಳ್ತಿದ್ದ ನೀನು ನೆನಪಾದೆ. ಅಮ್ಮನಿಗೆ ನಮಸ್ಕಾರ ಹೇಳು.’

ಇದರಲ್ಲಿ ಪ್ರಶ್ನೆಯಿಲ್ಲ. ‘ಹೇಗಿದ್ದೀಯ’ ಅಂತ ಕೇಳಿದರೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಅದೇ ಇನ್ನೊಂದು ಮುನಿಸು. ನೆನಪು ಜಗಳಕ್ಕಿಂತ ಬಹಳ ಹಿಂದಿನದು, ನಮ್ಮಿಬ್ಬರಿಗೇ ಗೊತ್ತಿರುವಂಥದ್ದು. ಧರ್ಮಸ್ಥಳದ ದಾರಿಯ ನಗುವನ್ನು ನೆನೆಸಿದ್ದರೆ ಅದರ ಬೆನ್ನಿಗೇ ಡೀಸೆಲ್ ಬರುತ್ತಿತ್ತು. ಅಮ್ಮನ ಹೆಸರು ಯಾಕೆಂದರೆ, ನನ್ನೊಂದಿಗೆ ಮಾತು ಬೇಡವಾದರೂ ಅವರಿಗೆ ನಮಸ್ಕಾರ ಮುಟ್ಟಿಸಲು ಅವನಿಗೆ ಅಡ್ಡಿಯಿರಲಿಲ್ಲ.

ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಸಂಪರ್ಕ ತಪ್ಪಿದವರಿಗೆ ನಾವಾಗಿ ಒಂದು ಮಾತು ಕಳಿಸಿದರೆ ಅವರಿಗೆ ಎಷ್ಟು ಹಿತವಾಗುತ್ತದೆ ಎಂಬುದನ್ನು ನಾವು ಕಡಿಮೆಯೇ ಅಂದಾಜು ಮಾಡುತ್ತೇವೆ, ನಿರೀಕ್ಷೆ ಇಲ್ಲದೆ ಬಂದದ್ದು ಇನ್ನೂ ಹಿತ ಎನ್ನುತ್ತದೆ ಅದು. ಅವರು ನೋಡಿದ್ದು ಜಗಳ ಆಡಿದವರನ್ನೇ ಅಲ್ಲ ಎಂಬುದು ನಿಜ. ಆದರೂ ಕಳಿಸುವ ಗುಂಡಿ ಒತ್ತುವ ಮುಂಚಿನ ಅಳುಕಿಗೆ ನನಗೆ ಅಷ್ಟು ಸಾಕಾಯಿತು.

ಬೆಳಿಗ್ಗೆ ಎಂಟಕ್ಕೆ ಕಳಿಸಿದೆ. ಹತ್ತಕ್ಕೆ ಎರಡು ನೀಲಿ ಗೀಟು ಬಿದ್ದವು, ಉತ್ತರವಿಲ್ಲ. ‘ನೋಡಿದೆ ಅಂತ ಗೊತ್ತು’ ಎಂದು ಬರೆಯುವ ಚಪಲ ಇಲ್ಲೇ ಬರುವುದು. ಫೋನ್ ಅಡುಗೆಮನೆಯ ಅಟ್ಟದ ಮೇಲಿಟ್ಟೆ. ರಾತ್ರಿ ಒಂಬತ್ತೂವರೆಗೆ ಬಂತು: ‘ಥ್ಯಾಂಕ್ಸ್ ಕಣೋ. ಅಮ್ಮ ನಿನ್ನ ಕೇಳಿದ್ರು.’

ಬರೀ ‘ಥ್ಯಾಂಕ್ಸ್’ ಬಂದಿದ್ದರೆ ಮುಂದಿನ ವರ್ಷದವರೆಗೆ ಸುಮ್ಮನಿರುತ್ತಿದ್ದೆ. ಅಮ್ಮನ ಮಾತು ಸೇರಿದ್ದರಿಂದ ಬಾಗಿಲು ಒಂದಂಗುಲ ಸರಿದಿದೆ ಅನ್ನಿಸಿತು. ಹಾಗಂತ ‘ಒಂದು ಸಲ ಕೂತು ಮಾತಾಡೋಣ’ ಅನ್ನಲಿಲ್ಲ. ‘ಬರ್ತೀನಿ ಅಂತ ಹೇಳು’ ಅಂದು ನಿಲ್ಲಿಸಿದೆ. ಮೂರು ವಾರ ಕಳೆದು ಅವನೇ ಹಿತ್ತಲ ಪರಂಗಿ ಗಿಡದ ಫೋಟೊ ಕಳಿಸಿದ.

ಒಂದು ಬಾಕಿ ಉಳಿದಿತ್ತು. ನಾಲ್ಕು ಜನರ ಮುಂದೆ ಅವನ ಪ್ರಾಮಾಣಿಕತೆಯನ್ನು ಅನುಮಾನಿಸಿದ್ದು ನಾನು. ಅದಕ್ಕೆ ಕ್ಷಮೆ ಕೇಳಬೇಕಿತ್ತು, ಅದನ್ನು ಶುಭಾಶಯದೊಳಗೆ ತುರುಕಿದ್ದರೆ ಹಬ್ಬದ ದಿನ ‘ಪರವಾಗಿಲ್ಲ’ ಎಂದು ಅವನ ಬಾಯಿಂದ ಹೊರಡಿಸಿದಂತಾಗುತ್ತಿತ್ತು. ಯುಗಾದಿ ಆದ ಮೇಲೆ ಅವನ ಮನೆಗೆ ಹೋದಾಗ, ಅಮ್ಮ ಒಳಗೆ ಹೋದ ಹೊತ್ತು ನೋಡಿ, “ಎಲ್ಲರೆದುರಿಗೆ ಹಾಗೆ ಅನ್ನಬಾರದಿತ್ತು ಕಣೋ” ಅಂದೆ. ಅವನು ಮಂಡಕ್ಕಿ ತಟ್ಟೆ ನನ್ನ ಕಡೆ ತಳ್ಳಿ, “ಮೆಣಸಿನಕಾಯಿ ಬಜ್ಜಿ ಆರೋಗ್ತದೆ, ತಿನ್ನು” ಅಂದ.

ಡೀಸೆಲ್ ಲೆಕ್ಕ ಇವತ್ತಿಗೂ ಹಾಗೇ ಇದೆ.