ಬಾಗಿಲು ತೆಗೆಯಲು ಯಾರೂ ಇಲ್ಲದ ಹೋಂಸ್ಟೇ

ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಹೊರಟವರು ಸಕಲೇಶಪುರದ ಆಚೆಯ ತೋಟದ ಮನೆ ಮುಟ್ಟುವಾಗ ರಾತ್ರಿ ಹನ್ನೊಂದಾದರೂ ಆದೀತು. ಮನೆಯವರು ಊರಲ್ಲಿಲ್ಲ. ಮೊಬೈಲಿಗೆ ನೆಟ್‌ವರ್ಕ್ ಸಿಗದಿದ್ದರೆ ಫೋನ್ ಮಾಡಿ ಕೇಳುವಂತೆಯೂ ಇಲ್ಲ. ಇಂಥ ಹೊತ್ತಿನಲ್ಲಿ ಅತಿಥಿಯ ಕೈ ಹಿಡಿಯುವುದು ಮಾಲೀಕರು ಮೊದಲೇ ಕಳಿಸಿದ ವಾಟ್ಸಾಪ್ ಸಂದೇಶ ಒಂದೇ. ಆದರೆ ಹೆಚ್ಚಿನವರು ಅದನ್ನು ಅಜ್ಜ ಮನೆ ಕಟ್ಟಿಸಿದ ಕಥೆಯಿಂದ ಶುರುಮಾಡುತ್ತಾರೆ. ಬೀಗ ಎಲ್ಲಿದೆ ಎಂಬುದು ಹದಿನೈದನೇ ಸಾಲಿನಲ್ಲಿ ಬರುತ್ತದೆ.

ಅತಿಥಿಯ ಕೈ ಯಾವುದನ್ನು ಮೊದಲು ಮುಟ್ಟುತ್ತದೋ ಅದನ್ನೇ ಮೊದಲು ಬರೆಯಬೇಕು. ಗುರುತಿನ ಚೀಟಿಯ ಪ್ರತಿ ಕೈಸೇರಿದ ಮೇಲೆ, ಬರುವ ದಿನ ಮಧ್ಯಾಹ್ನವೇ, ಅವರು ಇನ್ನೂ ನೆಟ್‌ವರ್ಕ್ ಇರುವ ಜಾಗದಲ್ಲಿರುವಾಗ ಕಳಿಸಬೇಕು. ಮೊದಲ ಭಾಗ ಹೀಗಿರಲಿ:

“ನಮಸ್ಕಾರ. ಈ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ನೆಟ್‌ವರ್ಕ್ ಇರುವುದಿಲ್ಲ. ಜಗುಲಿ ಹತ್ತಿ ಬಾಗಿಲಿಗೆ ಎದುರಾಗಿ ನಿಂತರೆ ಬಲಗಡೆ ಗೋಡೆಯಲ್ಲಿ, ಎದೆಯ ಎತ್ತರಕ್ಕೆ, ಕಪ್ಪು ಲಾಕ್‌ಬಾಕ್ಸ್ ಇದೆ. ರಬ್ಬರ್ ಮುಚ್ಚಳ ಎತ್ತಿ. ನಾಲ್ಕು ಚಕ್ರಗಳನ್ನು ತಿರುಗಿಸಿ 4729 ಅನ್ನು ಗೆರೆಗೆ ಸರಿಯಾಗಿ ತನ್ನಿ. ಗುಂಡಿಯನ್ನು ಕೆಳಕ್ಕೆ ಒತ್ತಿ ಹಿಡಿದು ಬಾಗಿಲನ್ನು ಎಳೆಯಿರಿ. ಕೀ ತೆಗೆದ ಮೇಲೆ ಪೆಟ್ಟಿಗೆ ಮುಚ್ಚಿ, ನಂಬರುಗಳನ್ನು ಕಲಸಿಬಿಡಿ.”

ನಂಬರ್ ಸರಿ ಇದ್ದೂ ಪೆಟ್ಟಿಗೆ ತೆರೆಯದಿದ್ದರೆ ಮೊದಲು ನೋಡಬೇಕಾದದ್ದು ಚಕ್ರಗಳನ್ನು. ಯಾವುದೋ ಒಂದು ಚಕ್ರ ಎರಡು ಅಂಕಿಗಳ ನಡುವೆ ನಿಂತಿರುತ್ತದೆ. ಟಾರ್ಚ್ ಹಾಕಿ, ಪ್ರತಿ ಚಕ್ರವೂ ‘ಟಿಕ್’ ಎನ್ನುವವರೆಗೆ ಸರಿಸಿದರೆ ಸಾಕು. ಈ ಒಂದು ವಾಕ್ಯವನ್ನೂ ಸಂದೇಶಕ್ಕೆ ಸೇರಿಸಿ. ಮಲೆನಾಡಿನ ಮಳೆಗೆ ಪೆಟ್ಟಿಗೆಯ ಒಳಭಾಗ ತುಕ್ಕು ಹಿಡಿದು ಬಿಗಿಯಾಗುವುದೂ ಉಂಟು. ಅದಕ್ಕೆ ಸಂದೇಶದಲ್ಲಿ ಮದ್ದಿಲ್ಲ, ಸೂರಿನ ಕೆಳಗೆ ಕೂರಿಸಿ ಆಗಾಗ ತೆರೆದು ನೋಡುತ್ತಿರಬೇಕು.

ಬಾಗಿಲು ತೆರೆದ ಕೂಡಲೇ ಕೇಳುವುದು ವೈಫೈ. ಹೆಸರು, ಪಾಸ್‌ವರ್ಡ್ ಎರಡನ್ನೂ ಬೇರೆ ಬೇರೆ ಸಂದೇಶವಾಗಿ ಕಳಿಸಿದರೆ ನಕಲು ಮಾಡಿ ಅಂಟಿಸುವುದು ಸುಲಭ. ಪಾಸ್‌ವರ್ಡ್‌ನಲ್ಲಿ ಸೊನ್ನೆ ಮತ್ತು O, ಒಂದು ಮತ್ತು l ಬೇಡ, ಗೋಡೆಯ ಚೀಟಿ ನೋಡಿ ಟೈಪ್ ಮಾಡುವವರು ಅಲ್ಲೇ ತಡವರಿಸುತ್ತಾರೆ. ಕ್ಯೂಆರ್ ಚೀಟಿ ಮಾಡುವುದಾದರೆ ಅದರೊಳಗೆ ಇರಬೇಕಾದ ಸಾಲು ಇಷ್ಟೇ:

```
WIFI:T:WPA;S:TotadaMane;P:tengu2468;;
```

ಕ್ಯಾಮೆರಾ ಹಿಡಿದು, ಪರದೆಯ ಮೇಲೆ ಬರುವ ಸೂಚನೆಯನ್ನು ಒತ್ತಿದರೆ ಫೋನ್ ಸೇರಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗ ಇಂಟರ್‌ನೆಟ್ ಮರಳಲು ಕೆಲವು ನಿಮಿಷ ಬೇಕು ಎಂದು ತಿಳಿಸಿ. ಫೈಬರ್ ಪೆಟ್ಟಿಗೆಯಲ್ಲಿ LOS ಎಂಬ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಸಾಮಾನ್ಯವಾಗಿ ಹೊರಗಿನಿಂದ ಬರುವ ಕೇಬಲ್ಲಿನದೇ ತೊಂದರೆ, ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ. ದಾರಿಯಲ್ಲಿ ಮರ ಬಿದ್ದಿರಬಹುದು.

ಉಪಕರಣಗಳಲ್ಲಿ ಟಿವಿ, ಫ್ಯಾನುಗಳನ್ನು ಬಿಟ್ಟುಬಿಡಿ, ಜನಕ್ಕೆ ಅವು ಗೊತ್ತು. ಮಲೆನಾಡಿನ ಚಳಿಗೆ ಮುಖ್ಯವಾದದ್ದು ಗೀಸರ್. ಅದರ ಸ್ವಿಚ್ ಬಚ್ಚಲ ಹೊರಗಿದ್ದರೆ ಅತಿಥಿ ಒಳಗೆ ಹುಡುಕುತ್ತಲೇ ಇರುತ್ತಾರೆ. ಎಷ್ಟು ಹೊತ್ತು ಕಾಯಬೇಕೆಂದೂ ಹೇಳಬೇಕು. 15 ಲೀಟರಿನ, 2000 ವಾಟ್ ಗೀಸರ್ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಸುಮಾರು 21 ನಿಮಿಷ ತೆಗೆದುಕೊಳ್ಳುತ್ತದೆ. ಆದ್ದರಿಂದ ಹೀಗೆ ಬರೆಯಿರಿ: “ಸ್ನಾನಕ್ಕೆ 25 ನಿಮಿಷ ಮುಂಚೆ ಬಚ್ಚಲ ಬಾಗಿಲ ಎಡಗಡೆಯ ದೊಡ್ಡ ಸ್ವಿಚ್ ಹಾಕಿ. ಕೆಂಪು ದೀಪ ಆರಿದರೆ ನೀರು ಕಾದಿದೆ. ಸ್ನಾನಕ್ಕೆ ಇಳಿಯುವ ಮುನ್ನ ಸ್ವಿಚ್ ಆರಿಸಿ. ಒಬ್ಬರ ಸ್ನಾನವಾದ ಮೇಲೆ ಇನ್ನೊಬ್ಬರಿಗೆ ಮತ್ತೆ ಅಷ್ಟೇ ಹೊತ್ತು ಬೇಕು.” ಕೊನೆಯ ವಾಕ್ಯ ಇಲ್ಲದಿದ್ದರೆ ನಾಲ್ಕು ಜನರ ಗುಂಪಿನಲ್ಲಿ ಮೂರನೆಯವರಿಂದ ನಿಮಗೆ ಫೋನ್ ಬರುವುದು ಖಂಡಿತ.

ಇಂಡಕ್ಷನ್ ಒಲೆಯ ದೂರು ಸಾಮಾನ್ಯವಾಗಿ ಪಾತ್ರೆಯದ್ದು. ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳನ್ನು ಅದು ಒಪ್ಪುವುದಿಲ್ಲ, ಕಬ್ಬಿಣದ ಅಂಶವಿರುವ ಸಮತಟ್ಟಾದ ತಳ ಬೇಕು. ಆಯಸ್ಕಾಂತ ಅಂಟುವ ಪಾತ್ರೆಗಳನ್ನು ಬೇರೆ ಕಪಾಟಿನಲ್ಲಿಟ್ಟು “ಇಂಡಕ್ಷನ್‌ಗೆ ಕೆಳಗಿನ ಕಪಾಟಿನ ಪಾತ್ರೆಗಳು” ಎಂದು ಬರೆದರೆ ಮುಗಿಯಿತು. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ದೀಪ, ಫ್ಯಾನ್, ವೈಫೈ ಮಾತ್ರ ನಡೆಯುತ್ತವೆ, ಗೀಸರ್ ಮತ್ತು ಇಂಡಕ್ಷನ್ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಸೇರಿಸಿ.

ಅತಿಥಿ ಹೊರಟ ದಿನವೇ ಲಾಕ್‌ಬಾಕ್ಸ್ ಕೋಡ್ ಬದಲಿಸಿ. ಹೊಸ ಕೋಡನ್ನು ಪೆಟ್ಟಿಗೆಯ ಬಾಗಿಲು ತೆರೆದಿಟ್ಟುಕೊಂಡೇ ಒಮ್ಮೆ ಪರೀಕ್ಷಿಸಿ, ಮುಂದಿನ ಸಂದೇಶದಲ್ಲಿ ಹಳೆಯ ನಂಬರ್ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇನ್ನೊಂದು ಕೀಯನ್ನು ಪಕ್ಕದ ತೋಟದವರ ಬಳಿ ಕೊಟ್ಟಿಡಿ, ಅವರ ಮನೆಯ ದಾರಿಯನ್ನು ಸಂದೇಶದ ಕೊನೆಯ ಸಾಲಿನಲ್ಲಿ ಬರೆಯಿರಿ.