ವಿಡಿಯೊ ಮೇಲೆ ಓಡುವ ದಾರಿ

ಪ್ರವಾಸದ ವಿಡಿಯೊ ನೋಡುವವರು ದಾರಿ ತಪ್ಪುವುದು ಊರೊಳಗಲ್ಲ, ಎರಡು ಊರುಗಳ ನಡುವೆ. ಈಗಷ್ಟೇ ಹಾಸನದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಮರುಕ್ಷಣ ಮಂಜು ಕವಿದ ಕಾಡಿನಲ್ಲಿರುತ್ತಾರೆ, ಅದರ ಮರುಕ್ಷಣ ಪಣಂಬೂರಿನ ಮರಳಿನಲ್ಲಿ. ಹೋಗಿ ಬಂದವರಿಗೆ ಎಲ್ಲವೂ ಗೊತ್ತು. ನೋಡುವವರಿಗೆ ಮಾತ್ರ ಯಾವುದರ ನಂತರ ಯಾವುದು, ಎಷ್ಟು ದೂರ ಎಂಬುದು ತಿಳಿಯುವುದಿಲ್ಲ. ಆ ಕೊರತೆ ತುಂಬುವುದಕ್ಕೇ ದೃಶ್ಯದ ಮೇಲೊಂದು ನಕ್ಷೆ ಮೂಡಿಸಿ, ಅದರಲ್ಲಿ ಗೆರೆಯೊಂದು ಊರಿಂದೂರಿಗೆ ಓಡುವಂತೆ ಮಾಡುತ್ತಾರೆ.

ಈ ತಂತ್ರ ಹೊಸದಲ್ಲ. 1942ರ ‘ಕಾಸಾಬ್ಲಾಂಕಾ’ ಚಿತ್ರದ ಆರಂಭದಲ್ಲಿ ನಿರಾಶ್ರಿತರು ನಡೆದು ಹೋಗುವ ದೃಶ್ಯಗಳೂ ಪ್ಯಾರಿಸ್, ಮಾರ್ಸೇ, ಓರಾನ್ ಮೂಲಕ ಸಾಗುವ ನಕ್ಷೆಯ ಗೆರೆಯೂ ಒಂದರ ಮೇಲೊಂದು ಬರುತ್ತವೆ. 1981ರ ‘ರೇಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಚಿತ್ರದಲ್ಲಿ ವಿಮಾನದ ಜತೆಗೇ ಕೆಂಪು ಗೆರೆ ಓಡಿತು. ಅಂದು ಸ್ಟುಡಿಯೊದವರು ಮಾಡುತ್ತಿದ್ದುದನ್ನು ಇಂದು ಮನೆಯ ಕಂಪ್ಯೂಟರಿನಲ್ಲಿ ಉಚಿತ ತಂತ್ರಾಂಶಗಳಿಂದಲೇ ಮಾಡಬಹುದು. ಗೆರೆ ಓಡಿಸುವುದು ಸುಲಭ. ಎಷ್ಟು ದಪ್ಪ, ಎಷ್ಟು ಹೊತ್ತು, ಯಾವ ದೃಶ್ಯದ ಮೇಲೆ ಎಂದು ತೀರ್ಮಾನಿಸುವುದರಲ್ಲೇ ನಿಜವಾದ ಕೆಲಸ ಇದೆ.

ನಮಗೆಲ್ಲ ಗೊತ್ತಿರುವ ದಾರಿಯನ್ನೇ ತೆಗೆದುಕೊಳ್ಳೋಣ: ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು. ರಸ್ತೆಯಲ್ಲಿ ಸುಮಾರು 350 ಕಿ.ಮೀ. ಕಾಗೆ ಹಾರಿದಂತೆ ನೇರವಾಗಿ ಅಳೆದರೆ ಹೆಚ್ಚುಕಡಿಮೆ 300 ಕಿ.ಮೀ. ಸಾಮಾನ್ಯ ಎಚ್‌ಡಿ ವಿಡಿಯೊದ ಅಗಲ 1920 ಪಿಕ್ಸೆಲ್. ಎರಡೂ ಬದಿಗೆ ಜಾಗ ಬಿಟ್ಟು 1500 ಪಿಕ್ಸೆಲ್‌ನಲ್ಲಿ ಈ ದಾರಿಯನ್ನು ಕೂರಿಸಿದರೆ ಒಂದು ಕಿಲೋಮೀಟರಿಗೆ ಸಿಗುವುದು 5 ಪಿಕ್ಸೆಲ್. ಫೋನಿನ ಪುಟ್ಟ ಪರದೆಯಲ್ಲಿ ಕಣ್ಣಿಗೆ ಬೀಳಬೇಕಾದರೆ ಗೆರೆ ಕನಿಷ್ಠ 10 ಪಿಕ್ಸೆಲ್ ದಪ್ಪ ಇರಬೇಕು. ಅಂದರೆ ನಕ್ಷೆಯ ಮೇಲೆ ನಮ್ಮ ರಸ್ತೆಯ ಅಗಲ 2 ಕಿಲೋಮೀಟರ್!

ಈ ಒಂದು ಲೆಕ್ಕದಿಂದ ಹಲವು ಪ್ರಶ್ನೆಗಳು ಬಗೆಹರಿಯುತ್ತವೆ. ಎರಡು ಕಿಲೋಮೀಟರಿಗಿಂತ ಚಿಕ್ಕದಾದ ಯಾವ ತಿರುವೂ ಈ ನಕ್ಷೆಯಲ್ಲಿ ಕಾಣಿಸುವುದಿಲ್ಲ. ಇನ್ನೂರು ಮೀಟರಿನ ಘಾಟಿ ತಿರುವು ಒಂದೇ ಒಂದು ಪಿಕ್ಸೆಲ್ಲಿನಲ್ಲಿ ಅಡಗಿಹೋಗುತ್ತದೆ. ಇಡೀ ಪಯಣದಲ್ಲಿ ಜನ ಬಾಯಿತುಂಬ ವರ್ಣಿಸುವುದು ಶಿರಾಡಿಯ ತಿರುವುಗಳನ್ನು, ನಕ್ಷೆಯಲ್ಲಿ ಅಲ್ಲಿರುವುದು ಮೊಂಡು ಗೆರೆಯ ತುಂಡು. ಹಾಗಾಗಿ ಈ ಪಯಣಕ್ಕೆ ಎರಡು ನಕ್ಷೆ ಬೇಕೆಂಬುದು ನನ್ನ ಅಭಿಪ್ರಾಯ. ಒಂದು ಬೆಂಗಳೂರಿನಿಂದ ಕಡಲವರೆಗಿನದು, ಇನ್ನೊಂದು ಘಾಟಿಯದು ಮಾತ್ರ. ಎರಡನೆಯದರಲ್ಲಿ 25 ಕಿ.ಮೀ. ಉದ್ದದ ಪ್ರದೇಶಕ್ಕೆ ಅದೇ 1500 ಪಿಕ್ಸೆಲ್ ಕೊಟ್ಟರೆ ಕಿಲೋಮೀಟರಿಗೆ 60 ಸಿಗುತ್ತದೆ. ಆಗ ಇನ್ನೂರು ಮೀಟರಿನ ತಿರುವು 12 ಪಿಕ್ಸೆಲ್ ಆಗಿ, ಹಾವಿನ ಮೈಯಂತೆ ಬಳುಕುವುದು ಕಾಣಿಸುತ್ತದೆ.

ದಾರಿಯ ಗೆರೆ ಬರುವುದೆಲ್ಲಿಂದ? ಹಲವರು ಪಯಣದುದ್ದಕ್ಕೂ ಫೋನಿನಲ್ಲಿ ಜಿಪಿಎಸ್ ದಾಖಲಿಸಿ .gpx ಕಡತ ಇಟ್ಟುಕೊಂಡಿರುತ್ತಾರೆ. ಸೆಕೆಂಡಿಗೊಂದು ಬಿಂದುವಿನಂತೆ ಎಂಟು ಗಂಟೆಗೆ 28,800 ಬಿಂದು. ಅದನ್ನು ಹಾಗೆಯೇ ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದರೆ ಕೆಲಸ ಆಮೆಗತಿಗೆ ಇಳಿಯುತ್ತದೆ. ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಊಟಕ್ಕೆ ಗಾಡಿ ನಿಲ್ಲಿಸಿದಾಗಲೂ ಫೋನು ದಾಖಲಿಸುತ್ತಲೇ ಇರುತ್ತದೆ, ಪ್ರತಿ ಸಲವೂ ಕೆಲವು ಮೀಟರ್ ಅತ್ತಿತ್ತ. ಈ ಅಲುಗಾಟವೆಲ್ಲ ದಾರಿಯ ಉದ್ದಕ್ಕೆ ಸೇರಿಕೊಳ್ಳುತ್ತದೆ. ವಿಡಿಯೊದಲ್ಲಿ ಸರಾಗವಾಗಿ ಓಡುತ್ತಿದ್ದ ಗೆರೆಯ ತುದಿ ಒಂದು ಕಡೆ ಕಾರಣವಿಲ್ಲದೆ ನಿಂತು ನಡುಗಿತೆಂದರೆ ಅಲ್ಲಿ ನೀವು ಊಟ ಮಾಡಿದ್ದೀರಿ ಎಂದೇ ಅರ್ಥ.

ಇದಕ್ಕೆ ಪರಿಹಾರ ಬಿಂದುಗಳನ್ನು ಕಡಿಮೆ ಮಾಡುವುದು. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ Simplify ಎಂಬ ಸಾಧನ ಇದೆ. ಅದು ಬಳಸುವ ಒಂದು ವಿಧಾನವನ್ನು ಡಗ್ಲಸ್ ಮತ್ತು ಪ್ಯೂಕರ್ 1973ರಲ್ಲಿ ಪ್ರಕಟಿಸಿದ್ದರು. ಗೆರೆಯ ಎರಡು ತುದಿಗಳನ್ನು ನೇರವಾಗಿ ಜೋಡಿಸಿ, ಆ ನೇರ ಗೆರೆಯಿಂದ ಅತಿ ದೂರದಲ್ಲಿರುವ ಬಿಂದುವನ್ನು ಹುಡುಕುವುದು. ಆ ದೂರ ನಾವು ಹೇಳಿದ ಮಿತಿಗಿಂತ ಹೆಚ್ಚಿದ್ದರೆ ಬಿಂದುವನ್ನು ಉಳಿಸಿಕೊಂಡು ಗೆರೆಯನ್ನು ಅಲ್ಲಿ ಎರಡು ಮಾಡಿ, ಎರಡು ಭಾಗಕ್ಕೂ ಅದನ್ನೇ ಮತ್ತೆ ಮಾಡುವುದು. ಮಿತಿಯೊಳಗೇ ಇದ್ದರೆ ನಡುವಿನ ಬಿಂದುಗಳನ್ನೆಲ್ಲ ಬಿಟ್ಟುಬಿಡುವುದು. ಮಿತಿ ಎಷ್ಟಿರಬೇಕೆಂಬುದಕ್ಕೂ ನಮ್ಮ ಪಿಕ್ಸೆಲ್ ಲೆಕ್ಕವೇ ಸಾಕು. ಎರಡು ಪಿಕ್ಸೆಲ್ಲಿನಷ್ಟು ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ ಎಂದಿಟ್ಟುಕೊಂಡರೆ ದೊಡ್ಡ ನಕ್ಷೆಗೆ 400 ಮೀಟರ್, ಘಾಟಿಯ ನಕ್ಷೆಗೆ 30 ಮೀಟರ್.

ಇಲ್ಲೊಂದು ಎಚ್ಚರಿಕೆ ಬೇಕು. ಜಿಪಿಎಸ್ ಕಡತದ ಅಳತೆ ಇರುವುದು ಮೀಟರಿನಲ್ಲಲ್ಲ, ಅಕ್ಷಾಂಶ ರೇಖಾಂಶಗಳ ಡಿಗ್ರಿಯಲ್ಲಿ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 110 ಕಿ.ಮೀ. ಅಲ್ಲಿ 400 ಎಂದು ತುಂಬಿದರೆ ತಂತ್ರಾಂಶ ಅದನ್ನು 400 ಡಿಗ್ರಿ ಎಂದುಕೊಂಡು ಬೆಂಗಳೂರು ಮಂಗಳೂರುಗಳ ನಡುವೆ ಒಂದೇ ನೇರ ಗೆರೆ ಎಳೆದುಬಿಡುತ್ತದೆ. ಮೊದಲು ಕಡತವನ್ನು ಮೀಟರ್ ಅಳತೆಯ ಪದ್ಧತಿಗೆ ಬದಲಿಸಬೇಕು. ಈ ದಾರಿಗೆ ಒಪ್ಪುವುದು EPSG:32643. ಜಿಪಿಎಸ್ ದಾಖಲೆಯೇ ಇಲ್ಲದವರು ನಕ್ಷೆಯ ಚಿತ್ರವನ್ನು ಕೆಳಗಿಟ್ಟುಕೊಂಡು ಇಪ್ಪತ್ತು ಮೂವತ್ತು ಬಿಂದುಗಳಲ್ಲಿ ಕೈಯಿಂದಲೇ ದಾರಿ ಗುರುತಿಸಬಹುದು. ದೊಡ್ಡ ನಕ್ಷೆಗೆ ಅಷ್ಟು ಧಾರಾಳ ಸಾಕು.

ಇನ್ನು ಓಡಿಸುವ ಕೆಲಸ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ Fusion ಪುಟಕ್ಕೆ ಹೋಗಿ, ಬಣ್ಣದ ಹಿನ್ನೆಲೆಯೊಂದಕ್ಕೆ Polygon ಮಾಸ್ಕ್ ಹಾಕಿ ದಾರಿ ಎಳೆಯಬೇಕು. Solid ತೆಗೆದು Border Width ಏರಿಸಿದರೆ ಆಕಾರ ಗೆರೆಯಾಗುತ್ತದೆ. ನಂತರ Length ಎಂಬುದನ್ನು 0ಯಿಂದ 1ರವರೆಗೆ ಏರುವಂತೆ ಕೀಫ್ರೇಮ್ ಇಟ್ಟರೆ ಗೆರೆ ಬೆಳೆಯುತ್ತ ಹೋಗುತ್ತದೆ. ಆಫ್ಟರ್ ಎಫೆಕ್ಟ್ಸ್ ಬಳಸುವವರಿಗೆ ಇದೇ ಕೆಲಸವನ್ನು Trim Paths ಮಾಡಿಕೊಡುತ್ತದೆ. ಹಾಸನಕ್ಕೆ Length ಎಷ್ಟು ಎಂದು ಲೆಕ್ಕ ಹಾಕುತ್ತ ಕೂರಬೇಕಿಲ್ಲ. ಗೆರೆಯ ತುದಿ ಹಾಸನದ ಚುಕ್ಕೆಗೆ ತಾಗುವವರೆಗೆ ಸ್ಲೈಡರ್ ಸರಿಸಿ ಅಲ್ಲೊಂದು ಕೀಫ್ರೇಮ್ ಹಾಕಿದರಾಯಿತು.

ವೇಗದ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿ.ಮೀ., ಅಲ್ಲಿಂದ ಸಕಲೇಶಪುರಕ್ಕೆ ಸುಮಾರು 40. ಮೊದಲ ಹಂತಕ್ಕೆ 2 ಸೆಕೆಂಡ್ ಕೊಟ್ಟು ಅದೇ ವೇಗದಲ್ಲಿ ಮುಂದುವರಿದರೆ ಎರಡನೆಯ ಹಂತ ಅರ್ಧ ಸೆಕೆಂಡಿಗೂ ಮುನ್ನ ಮುಗಿಯುತ್ತದೆ. ನೋಡುವವರು ಊರಿನ ಹೆಸರು ಓದುವಷ್ಟರಲ್ಲಿ ನಕ್ಷೆಯೇ ಮಾಯ. ದೂರ ಎಷ್ಟೆಂದು ಗೆರೆಯ ಉದ್ದವೇ ಹೇಳುತ್ತದೆ. ಕಾಲವನ್ನೂ ಅದಕ್ಕೇ ಕಟ್ಟಿಹಾಕಬೇಕಾಗಿಲ್ಲ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಹಾಸನದವರೆಗೆ 50 ಫ್ರೇಮ್, ಸಕಲೇಶಪುರಕ್ಕೆ 30, ಘಾಟಿಗೆ 75, ಅಲ್ಲಿಂದ ಮಂಗಳೂರಿಗೆ 40 ಫ್ರೇಮ್ ಕೊಡುವುದು ನನಗೆ ಸರಿ ಕಾಣುತ್ತದೆ. ಬಯಲಿನ ಹೆದ್ದಾರಿಯಲ್ಲಿ ಸರ್ರನೆ ಓಡಿದ್ದು, ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿದ್ದು ಎರಡೂ ಆ ಗೆರೆಯಲ್ಲಿ ಅನುಭವಕ್ಕೆ ಬರುತ್ತವೆ. ಪ್ರತಿ ಊರಿನಿಂದ ಹೊರಡುವಾಗ ನಿಧಾನವಾಗಿ ವೇಗ ಏರಲಿ, ತಲುಪುವಾಗ ನಿಧಾನವಾಗಿ ಇಳಿಯಲಿ. ತಲುಪಿದ ಮೇಲೆ ಅರ್ಧ ಸೆಕೆಂಡ್ ನಿಂತಿರಲಿ. ನಕ್ಷೆ ಮತ್ತೆ ಬಂದಾಗಲೆಲ್ಲ ಆಗಲೇ ಕ್ರಮಿಸಿದ ದಾರಿ ಮಸುಕಾಗಿ ಅಲ್ಲಿರಬೇಕು, ಹೊಸ ಹಂತ ಮಾತ್ರ ಗಾಢ ಬಣ್ಣದಲ್ಲಿ ಬೆಳೆಯಬೇಕು. ಇಲ್ಲವಾದರೆ ಪ್ರತಿ ಸಲವೂ ಹೊಸ ಪಯಣವೇ ಶುರುವಾದಂತೆ ತೋರುತ್ತದೆ.

ನಕ್ಷೆಯ ಕೆಳಗೆ ಯಾವ ದೃಶ್ಯ ಇಡಬೇಕೆಂಬುದನ್ನು ಮಾತ್ರ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಉತ್ತರ ಮೇಲಿರುವ ನಕ್ಷೆಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಗೆರೆ ಬಲದಿಂದ ಎಡಕ್ಕೆ ಓಡುತ್ತದೆ. ಗಾಡಿಯ ಎಡಕಿಟಕಿಯಿಂದ ತೆಗೆದ ದೃಶ್ಯದಲ್ಲಿ ಮರಗಳು ಬಲದಿಂದ ಎಡಕ್ಕೆ ಸರಿಯುತ್ತವೆ, ಅಂದರೆ ನಾವು ಬಲಕ್ಕೆ ಹೋಗುತ್ತಿರುವಂತೆ ಅನಿಸುತ್ತದೆ. ಗೆರೆ ಒಂದು ಕಡೆ, ಗಾಡಿ ಇನ್ನೊಂದು ಕಡೆ. ಏನು ತಪ್ಪಾಗಿದೆ ಎಂದು ನೋಡುವವರು ಬೆರಳಿಟ್ಟು ಹೇಳಲಾರರು, ಆದರೆ ಕಣ್ಣಿಗೆ ಇರಿಸುಮುರಿಸು. ಪಶ್ಚಿಮಕ್ಕೆ ಹೊರಟಾಗ ಬಲಕಿಟಕಿಯಿಂದ ಚಿತ್ರೀಕರಿಸಿದರೆ ಈ ಜಗಳವಿಲ್ಲ. ಬಲಕಿಟಕಿ ಆಗ ಉತ್ತರಕ್ಕೆ ಮುಖ ಮಾಡಿರುತ್ತದೆ, ನಕ್ಷೆಯ ಮೇಲ್ಭಾಗವೂ ಉತ್ತರವೇ. ಹಾಗೆ ತೆಗೆದದ್ದು ಇಲ್ಲವೆಂದು ಎಡಕಿಟಕಿಯ ದೃಶ್ಯವನ್ನು ಅದಲುಬದಲು ಮಾಡಲು ಹೋಗಬೇಡಿ. ದಾರಿಬದಿಯ ಕನ್ನಡ ಬೋರ್ಡುಗಳು ಉಲ್ಟಾ ಆಗಿ ಗುಟ್ಟು ರಟ್ಟಾಗುತ್ತದೆ. ಅದರ ಬದಲು ಮುಂಗಾಜಿನಿಂದ ಕಾಣುವ ರಸ್ತೆಯ ದೃಶ್ಯ ಬಳಸಿದರೆ ಎಡ ಬಲದ ತಂಟೆ ಇಲ್ಲ. ಯಾವುದಾದರೂ ಸರಿ, ಗೆರೆ ಓಡುವಷ್ಟು ಹೊತ್ತು ದೃಶ್ಯದ ಬೆಳಕನ್ನು ಅರ್ಧಕ್ಕೆ ಇಳಿಸಿ. ಬಣ್ಣಬಣ್ಣದ ನಕ್ಷೆಯ ಚಿತ್ರವೂ ಬೇಡ. ಕರ್ನಾಟಕದ ಆಕಾರ, ಕಡಲತೀರ, ನಾಲ್ಕು ಚುಕ್ಕೆ, ಒಂದು ಗೆರೆ ಇದ್ದರೆ ಕನ್ನಡಿಗರಿಗೆ ಎಲ್ಲಿದ್ದೇವೆಂದು ಥಟ್ಟನೆ ತಿಳಿಯುತ್ತದೆ.

ಊರಿನ ಹೆಸರು ಕನ್ನಡದಲ್ಲೇ ಇರಲಿ ಎಂದು ಬಯಸುವವರು ಒತ್ತಕ್ಷರದ ಕಡೆ ಗಮನ ಕೊಡಬೇಕು. ಕೆಲವು ತಂತ್ರಾಂಶಗಳಲ್ಲಿ ‘ಮಂಗಳೂರು’ ಸರಿಯಾಗಿ ಮೂಡಿ ‘ಸುಬ್ರಹ್ಮಣ್ಯ’ ಒಡೆದುಹೋಗುತ್ತದೆ, ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಅಡೋಬಿಯ ತಂತ್ರಾಂಶಗಳಾದರೆ ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಬದಲಿಸಿ ನೋಡಿ. ಅದರಲ್ಲೂ ಸರಿಹೋಗದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಹೆಸರು ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಅಂಟಿಸಬಹುದು.

ಪಯಣ ರಾಜ್ಯದಾಚೆ ಹೋಗಿ ಇಡೀ ಭಾರತದ ನಕ್ಷೆ ತೋರಿಸಬೇಕಾದರೆ ಗಡಿಯನ್ನು ಪರೀಕ್ಷಿಸಲೇಬೇಕು. ಹೊರದೇಶಗಳ ಹಲವು ಉಚಿತ ನಕ್ಷೆಗಳಲ್ಲಿ ಕಾಶ್ಮೀರದ ಗಡಿ ಬೇರೆ ರೀತಿ ಇರುತ್ತದೆ. ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ದಂಡ ವಿಧಿಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸಿದವರು ಅದರ ಹೆಸರನ್ನು ಕಾಣುವಂತೆ ಹಾಕುವುದು ಪರವಾನಗಿಯ ಷರತ್ತು. ಗೂಗಲ್ ಅರ್ಥ್ ಸ್ಟುಡಿಯೊದಲ್ಲಿ ಮಾಡಿದ ದೃಶ್ಯಗಳಿಗೂ ಅಂಥದ್ದೇ ನಿಯಮ ಇದೆ.

ವಿಡಿಯೊ ಹೊರಬಿಡುವ ಮುನ್ನ ಆ ದಾರಿಯಲ್ಲಿ ಹೋಗದ ಒಬ್ಬರಿಗೆ ಫೋನಿನಲ್ಲಿ, ಧ್ವನಿ ಬಂದ್ ಮಾಡಿ ತೋರಿಸಿ. ಎಲ್ಲಿಂದ ಎಲ್ಲಿಗೆ ಹೋದರು, ನಡುವೆ ಎಲ್ಲೆಲ್ಲಿ ನಿಂತರು ಎಂದು ಕೇಳಿ. ಅವರು ತಡವರಿಸಿದ ಹಂತದ ಗೆರೆಗೆ ಇನ್ನು ಹತ್ತಿಪ್ಪತ್ತು ಫ್ರೇಮ್ ಸೇರಿಸಿ.